ಸೀಸೆಯಲ್ಲಿನ ಜೇನುತುಪ್ಪ ಹರಳುಗಟ್ಟಿದೆಯೋ, ಹುಳಿತಿದೆಯೋ? ನೊರೆ ಮತ್ತು ಮಬ್ಬನ್ನು ಗುರುತಿಸುವ ಬಗೆ

ಬೇಸಿಗೆಯಲ್ಲಿ ತೆಗೆದು ಸೀಸೆಗೆ ತುಂಬಿಟ್ಟ ಜೇನುತುಪ್ಪ ಮಳೆಗಾಲ ಅರ್ಧ ಕಳೆಯುವ ಹೊತ್ತಿಗೆ ಬಣ್ಣ ಮತ್ತು ರೂಪ ಬದಲಿಸುವುದುಂಟು. ಕೆಲವು ಸೀಸೆಗಳಲ್ಲಿ ತಳದಿಂದ ಬಿಳಿಯ ಗಟ್ಟಿ ಪದರ ಏಳುತ್ತದೆ. ಕೆಲವದರಲ್ಲಿ ತುಪ್ಪ ಪೂರ್ತಿ ಮಬ್ಬಾಗುತ್ತದೆ. ಇನ್ನು ಕೆಲವದರಲ್ಲಿ ಮೇಲೆ ಬೆರಳು ದಪ್ಪ ನೊರೆ ಕಟ್ಟುತ್ತದೆ. ಕೊಂಡವರು ಇದನ್ನು ಕಂಡು "ಸಕ್ಕರೆ ಪಾಕ ಬೆರೆಸಿದ್ದಾರೆ" ಎಂದು ಸೀಸೆಯನ್ನು ಹಿಂದಕ್ಕೆ ಕಳುಹಿಸುತ್ತಾರೆ. ಮಾರಿದವರು ಗಾಬರಿಯಿಂದ ತುಪ್ಪವನ್ನು ಒಲೆಯ ಮೇಲಿಟ್ಟು ಕುದಿಸುತ್ತಾರೆ. ಇಲ್ಲವೇ ನಿಜವಾಗಿ ಹುಳಿತ ತುಪ್ಪವನ್ನೂ "ಚಳಿಗೆ ಹೀಗಾಗಿದೆ" ಎಂದು ಮಾರಿ ಗಿರಾಕಿಯನ್ನು ಕಳೆದುಕೊಳ್ಳುತ್ತಾರೆ. ಈಗ ಬಹಳ ಮಂದಿ ಸೀಸೆಯ ಫೋಟೋ ತೆಗೆದು ಮೊಬೈಲಿನಲ್ಲಿ ವಿಸ್ತರಣಾ ಕಾರ್ಯಕರ್ತರಿಗೆ ಕಳುಹಿಸಿ "ಇದು ಕೆಟ್ಟಿದೆಯೇ?" ಎಂದು ಕೇಳುವುದೂ ವಾಡಿಕೆಯಾಗಿದೆ.

ಹರಳುಗಟ್ಟುವುದು ಮತ್ತು ಹುಳಿಯುವುದು ಬೇರೆ ಬೇರೆ ಕ್ರಿಯೆಗಳು. ಮೊದಲನೆಯದರಿಂದ ತುಪ್ಪ ಕೆಡುವುದಿಲ್ಲ. ಎರಡನೆಯದರಿಂದ ಕೆಡುತ್ತದೆ. ಆದರೆ ಇವೆರಡಕ್ಕೂ ಒಂದು ಕೊಂಡಿ ಇದೆ. ನೀರಿನ ಅಂಶ ಹೆಚ್ಚಾಗಿರುವ ತುಪ್ಪದಲ್ಲಿ ಹರಳುಗಟ್ಟುವಿಕೆಯೇ ಹುಳಿಯುವುದಕ್ಕೆ ದಾರಿ ಮಾಡಿಕೊಡುತ್ತದೆ. ಈ ಕೊಂಡಿಯನ್ನು ತಿಳಿದುಕೊಂಡರೆ ಯಾವ ಸೀಸೆಯನ್ನು ಇಟ್ಟುಕೊಳ್ಳಬೇಕು, ಯಾವುದನ್ನು ಕೂಡಲೇ ಬಿಸಿ ಮಾಡಬೇಕು, ಯಾವುದನ್ನು ಮಾರಬಾರದು ಎಂಬುದು ತಾನಾಗಿಯೇ ತಿಳಿಯುತ್ತದೆ.

ಹರಳುಗಟ್ಟುವುದು ಏಕೆ?

ಜೇನುತುಪ್ಪದಲ್ಲಿ ಮುಖ್ಯವಾಗಿ ಎರಡು ಬಗೆಯ ಸಕ್ಕರೆಗಳಿವೆ. ಒಂದು ಹಣ್ಣಿನ ಸಕ್ಕರೆ ಅಂದರೆ ಫ್ರಕ್ಟೋಸ್. ಇನ್ನೊಂದು ದ್ರಾಕ್ಷಿ ಸಕ್ಕರೆ ಅಂದರೆ ಗ್ಲೂಕೋಸ್. ಇವೆರಡೂ ಸೇರಿ ತುಪ್ಪದ ತೂಕದಲ್ಲಿ ಸುಮಾರು ಶೇ. 70ರಷ್ಟು ಇರುತ್ತವೆ. ಅಷ್ಟು ಸಕ್ಕರೆಯನ್ನು ಶೇ. 20ರಷ್ಟು ನೀರು ಸಾಮಾನ್ಯವಾಗಿ ಕರಗಿಸಿ ಹಿಡಿದಿಡಲಾರದು. ಫ್ರಕ್ಟೋಸ್ ಸುಲಭವಾಗಿ ಕರಗುವುದರಿಂದ ಅದು ದ್ರವವಾಗಿಯೇ ಉಳಿಯುತ್ತದೆ. ಗ್ಲೂಕೋಸ್ ಮಾತ್ರ ನಿಧಾನವಾಗಿ ಹೊರಬಿದ್ದು ಹರಳಾಗುತ್ತದೆ. ಜೋನಿ ಬೆಲ್ಲವನ್ನು ಬಹಳ ದಿನ ಇಟ್ಟಾಗ ತಳದಲ್ಲಿ ಸಕ್ಕರೆ ಕಟ್ಟುವುದನ್ನು ಎಲ್ಲರೂ ನೋಡಿದ್ದೇವೆ. ಇದೂ ಅಂಥದೇ ಕ್ರಿಯೆ.

ಗ್ಲೂಕೋಸ್ ಹೆಚ್ಚಾಗಿರುವ ತುಪ್ಪ ಬೇಗ ಕಟ್ಟುತ್ತದೆ. ಸೂರ್ಯಕಾಂತಿ, ಸಾಸಿವೆ ಮತ್ತು ರಬ್ಬರ್ ತೋಟದ ತುಪ್ಪ ಇದಕ್ಕೆ ಹೆಸರಾದವು. ಹರಳಿಗೆ ಬೀಜವೂ ಬೇಕು. ತುಪ್ಪದಲ್ಲಿರುವ ಪರಾಗದ ಕಣ, ಮೇಣದ ಚೂರು, ಗಾಳಿಯ ಸಣ್ಣ ಗುಳ್ಳೆ, ಸರಿಯಾಗಿ ತೊಳೆಯದ ಸೀಸೆಯಲ್ಲಿ ಉಳಿದ ಹಳೆಯ ಹರಳು ಇವೆಲ್ಲ ಬೀಜವಾಗುತ್ತವೆ. ಸುಮಾರು 14 ಡಿಗ್ರಿ ಸೆಂಟಿಗ್ರೇಡ್ ಉಷ್ಣತೆಯಲ್ಲಿ ಹರಳು ಅತಿ ವೇಗವಾಗಿ ಬೆಳೆಯುತ್ತದೆ. 27 ಡಿಗ್ರಿ ದಾಟಿದರೆ ಬೆಳವಣಿಗೆ ಬಹಳ ನಿಧಾನವಾಗುತ್ತದೆ. 40 ಡಿಗ್ರಿಗೆ ಮೇಲೆ ಹರಳು ಮತ್ತೆ ಕರಗತೊಡಗುತ್ತದೆ. ಆದುದರಿಂದಲೇ ಬಯಲುಸೀಮೆಯ ಬೇಸಿಗೆಯಲ್ಲಿ ತಿಳಿಯಾಗಿದ್ದ ತುಪ್ಪ ಮಲೆನಾಡಿನ ಮನೆಯಲ್ಲಿ ಮಳೆ ಹಿಡಿದ ಮೇಲೆ ಕಟ್ಟುತ್ತದೆ.

ಹರಳುಗಟ್ಟುವುದು ಕಲಬೆರಕೆಯ ಗುರುತಲ್ಲ. ಹಾಗೆಯೇ ಅದು ಶುದ್ಧತೆಯ ಪ್ರಮಾಣಪತ್ರವೂ ಅಲ್ಲ. ಕೆಲವು ಹೂಗಳ ಶುದ್ಧ ತುಪ್ಪ ವರ್ಷ ಕಳೆದರೂ ಕಟ್ಟುವುದಿಲ್ಲ. ಕಟ್ಟಿದ್ದನ್ನು ಅಥವಾ ಕಟ್ಟದಿರುವುದನ್ನು ನೋಡಿ ಶುದ್ಧವೇ ಕಲಬೆರಕೆಯೇ ಎಂದು ಹೇಳಲು ಬಾರದು.

ಹುಳಿಯುವುದು ಏಕೆ?

ಹೂವಿನಲ್ಲಿ, ಮಣ್ಣಿನಲ್ಲಿ, ಜೇನುಗೂಡಿನಲ್ಲಿ, ತುಪ್ಪ ತೆಗೆಯುವ ಯಂತ್ರದಲ್ಲಿ ಯೀಸ್ಟ್ ಎಂಬ ಸೂಕ್ಷ್ಮಜೀವಿಗಳು ಇರುತ್ತವೆ. ಇವುಗಳಲ್ಲಿ ಕೆಲವು ಜಾತಿಗಳು ಬಹಳ ಸಿಹಿಯಾದ ದ್ರವದಲ್ಲಿಯೂ ಬದುಕಬಲ್ಲವು. ಹೀಗಾಗಿ ಬಿಸಿ ಮಾಡದ ಯಾವ ಜೇನುತುಪ್ಪವೂ ಯೀಸ್ಟ್ ಇಲ್ಲದ್ದಲ್ಲ. ತುಪ್ಪ ಸಾಕಷ್ಟು ಗಟ್ಟಿಯಾಗಿರುವವರೆಗೆ ಅವು ಸುಮ್ಮನಿರುತ್ತವೆ. ನೀರಿನ ಅಂಶ ಒಂದು ಮಿತಿ ದಾಟಿದೊಡನೆ ಸಕ್ಕರೆಯನ್ನು ತಿಂದು ಮದ್ಯಸಾರವನ್ನೂ ಇಂಗಾಲಾಮ್ಲ ಅನಿಲವನ್ನೂ ಉಂಟುಮಾಡುತ್ತವೆ. ನೊರೆ ಬರುವುದು ಈ ಅನಿಲದಿಂದ. ಹೆಂಡದ ವಾಸನೆ ಬರುವುದು ಮದ್ಯಸಾರದಿಂದ. ಮುಂದೆ ಬೇರೆ ಬಗೆಯ ಸೂಕ್ಷ್ಮಜೀವಿಗಳು ಮದ್ಯಸಾರವನ್ನು ಹುಳಿಯಾಗಿ ಮಾರ್ಪಡಿಸುತ್ತವೆ.

ಆ ಮಿತಿ ಯಾವುದು? ನೀರಿನ ಅಂಶ ಶೇ. 17ರ ಒಳಗಿದ್ದರೆ ತುಪ್ಪ ಹುಳಿಯುವುದಿಲ್ಲ ಎಂದೇ ಹೇಳಬಹುದು. ಶೇ. 17ರಿಂದ 20ರ ನಡುವೆ ಇದ್ದರೆ ಅದು ತುಪ್ಪದಲ್ಲಿರುವ ಯೀಸ್ಟಿನ ಸಂಖ್ಯೆಯನ್ನು ಅವಲಂಬಿಸುತ್ತದೆ. ಶುಚಿಯಾಗಿ ತೆಗೆದದ್ದು ಉಳಿಯುತ್ತದೆ, ಹಿಂಡಿ ತೆಗೆದದ್ದು ಹುಳಿಯಬಹುದು. ಶೇ. 20 ಮೀರಿದರೆ ಅಪಾಯ ಇದ್ದೇ ಇರುತ್ತದೆ. ನಮ್ಮ ದೇಶದ ಆಹಾರ ಸುರಕ್ಷತಾ ನಿಯಮವೂ ಜೇನುತುಪ್ಪದ ನೀರಿನ ಅಂಶಕ್ಕೆ ಶೇ. 20ರ ಮಿತಿಯನ್ನೇ ಇಟ್ಟಿದೆ. ನಮ್ಮ ತುಡುವೆ ಜೇನಿನ ತುಪ್ಪ, ಅದರಲ್ಲಿಯೂ ಮಲೆನಾಡು ಮತ್ತು ಕರಾವಳಿಯದು, ಈ ಮಿತಿಯ ಆಚೀಚೆಯೇ ಇರುವುದರಿಂದ ಇಲ್ಲಿ ಎಚ್ಚರಿಕೆ ಹೆಚ್ಚು ಬೇಕು.

ಎರಡಕ್ಕೂ ಇರುವ ಕೊಂಡಿ

ಗ್ಲೂಕೋಸ್ ಹರಳಾಗುವಾಗ ತನ್ನ ಜೊತೆ ಸ್ವಲ್ಪ ನೀರನ್ನು ಮಾತ್ರ ಸೇರಿಸಿಕೊಳ್ಳುತ್ತದೆ. 10 ಗ್ರಾಂ ಗ್ಲೂಕೋಸಿಗೆ 1 ಗ್ರಾಂ ನೀರು ಎಂಬುದು ಲೆಕ್ಕ. ಉಳಿದ ನೀರೆಲ್ಲ ದ್ರವಭಾಗದಲ್ಲಿಯೇ ನಿಲ್ಲುತ್ತದೆ. ಸಕ್ಕರೆ ಕಡಮೆಯಾಗಿ ನೀರು ಹಾಗೆಯೇ ಉಳಿದರೆ ದ್ರವಭಾಗ ತೆಳ್ಳಗಾಗಲೇಬೇಕು.

ಒಂದು ಕಿಲೋ ತುಪ್ಪವನ್ನು ತೆಗೆದುಕೊಳ್ಳೋಣ. ಅದರಲ್ಲಿ ನೀರು ಶೇ. 22 ಅಂದರೆ 220 ಗ್ರಾಂ ಇದೆ. ಅದರಲ್ಲಿ 150 ಗ್ರಾಂ ಗ್ಲೂಕೋಸ್ ಹರಳಾಯಿತು ಎನ್ನೋಣ. ಅದು 15 ಗ್ರಾಂ ನೀರನ್ನು ಹಿಡಿದುಕೊಂಡು 165 ಗ್ರಾಂ ಹರಳಾಗಿ ತಳಕ್ಕೆ ಕೂರುತ್ತದೆ. ಮೇಲೆ ಉಳಿಯುವ ದ್ರವ 835 ಗ್ರಾಂ. ಅದರಲ್ಲಿರುವ ನೀರು 205 ಗ್ರಾಂ. ಅಂದರೆ ದ್ರವಭಾಗದ ನೀರಿನ ಅಂಶ ಶೇ. 22ರಿಂದ ಸುಮಾರು ಶೇ. 24.5ಕ್ಕೆ ಏರಿತು. ಹೊರಗಿನಿಂದ ಒಂದು ಹನಿ ನೀರೂ ಸೇರಲಿಲ್ಲ. ಆದರೂ ಯೀಸ್ಟಿಗೆ ಬೇಕಾದ ತೆಳುವಾದ ದ್ರವ ಸೀಸೆಯೊಳಗೇ ಸಿದ್ಧವಾಯಿತು.

ಇದೇ ಲೆಕ್ಕವನ್ನು ಶೇ. 18.5 ನೀರಿರುವ ತುಪ್ಪಕ್ಕೆ ಹಾಕಿದರೆ ದ್ರವಭಾಗ ಶೇ. 20.4ರ ಹತ್ತಿರ ಬಂದು ನಿಲ್ಲುತ್ತದೆ. ಅಪಾಯ ಪೂರ್ತಿ ಇಲ್ಲವೆಂದಲ್ಲ, ಆದರೆ ಬಹಳ ಕಡಮೆ. ಆದುದರಿಂದ ಹರಳುಗಟ್ಟಿದ ಸೀಸೆಯನ್ನು ಕಂಡಾಗ ಕೇಳಬೇಕಾದ ಪ್ರಶ್ನೆ "ಏಕೆ ಕಟ್ಟಿತು?" ಎಂಬುದಲ್ಲ. "ಕಟ್ಟಿದ ಮೇಲೆ ಉಳಿದ ದ್ರವ ಎಷ್ಟು ತೆಳುವಾಗಿದೆ?" ಎಂಬುದು.

ಫೋಟೋದಲ್ಲಿ ಕಾಣುವ ಮಬ್ಬು

ಫೋಟೋದಲ್ಲಿ ತುಪ್ಪ ಮಬ್ಬಾಗಿ ಕಂಡರೆ ಅದಕ್ಕೆ ಸಾಮಾನ್ಯವಾಗಿ ಮೂರು ಕಾರಣಗಳಿರುತ್ತವೆ. ಮೊದಲನೆಯದು ಹರಳಿನ ಆರಂಭ. ಹರಳುಗಳು ಇನ್ನೂ ಕಣ್ಣಿಗೆ ಕಾಣದಷ್ಟು ಸಣ್ಣವಿರುವಾಗ ಬೆಳಕು ಚದುರಿ ತುಪ್ಪ ಮಂಜು ಕವಿದಂತೆ ಕಾಣುತ್ತದೆ. ಈ ಮಬ್ಬು ದಿನ ಕಳೆದಂತೆ ದಟ್ಟವಾಗಿ ತಳದ ಕಡೆಗೆ ಹೆಚ್ಚುತ್ತದೆ. ಎರಡನೆಯದು ಗಾಳಿ. ಯಂತ್ರದಲ್ಲಿ ರಭಸವಾಗಿ ತಿರುಗಿಸಿದಾಗ, ಎತ್ತರದಿಂದ ಸುರಿದಾಗ ಸೇರಿದ ಸಣ್ಣ ಗುಳ್ಳೆಗಳು ಹೊಸ ತುಪ್ಪವನ್ನು ಮಬ್ಬು ಮಾಡುತ್ತವೆ. ಇವು ಎರಡು ಮೂರು ದಿನಗಳಲ್ಲಿ ಮೇಲೇರಿ ಹೋಗುತ್ತವೆ. ಮೂರನೆಯದು ಪರಾಗ ಮತ್ತು ಮೇಣ. ಎರಿಯನ್ನು ಹಿಂಡಿ ತೆಗೆದ ತುಪ್ಪದಲ್ಲಿ ಇವು ಬಹಳವಿದ್ದು, ಮಬ್ಬು ಎಷ್ಟು ದಿನವಾದರೂ ಹೋಗುವುದಿಲ್ಲ.

ಕಟ್ಟಿದ ತುಪ್ಪದ ಫೋಟೋದಲ್ಲಿ ಗಾಜಿನ ಒಳಬದಿಗೆ ಅಂಟಿದಂತೆ ಬಿಳಿಯ ಗರಿಗಳು, ಕವಲೊಡೆದ ಗೆರೆಗಳು ಕಾಣುವುದುಂಟು. ಇದನ್ನು ಬೂಷ್ಟೆಂದು ತಿಳಿದು ಹೆದರುವವರು ಬಹಳ. ತುಪ್ಪ ಹರಳಾಗುವಾಗ ಸ್ವಲ್ಪ ಕುಗ್ಗುತ್ತದೆ. ಕುಗ್ಗಿದ ಜಾಗದಲ್ಲಿ ಗಾಜಿಗೂ ತುಪ್ಪಕ್ಕೂ ನಡುವೆ ಗಾಳಿ ಸೇರಿ ಬಿಳಿಯಾಗಿ ಕಾಣುತ್ತದೆ. ಇದು ನೋಟಕ್ಕೆ ಮಾತ್ರ ಕುಂದು. ಈ ಗರಿಗಳು ಗಾಜಿಗೆ ಚಪ್ಪಟೆಯಾಗಿ ಅಂಟಿರುತ್ತವೆ, ಹತ್ತಿಯಂತೆ ಎದ್ದಿರುವುದಿಲ್ಲ, ಸೀಸೆಯನ್ನು ಓರೆ ಮಾಡಿದರೆ ಕದಲುವುದಿಲ್ಲ.

ಫೋಟೋದಲ್ಲಿ ಕಾಣುವ ನೊರೆ

ನೊರೆ ಇದ್ದ ಮಾತ್ರಕ್ಕೆ ಹುಳಿತಿದೆ ಎನ್ನಲಾಗದು. ಹೊಸದಾಗಿ ತೆಗೆದ ತುಪ್ಪದಲ್ಲಿ ಗಾಳಿಯ ಗುಳ್ಳೆಗಳು ಮೇಣ, ಪರಾಗದ ಕಣಗಳೊಡನೆ ಮೇಲೆ ಬಂದು ಬಿಳಿಯ ಕೆನೆಯಂತೆ ನಿಲ್ಲುತ್ತವೆ. ಈ ನೊರೆಯ ಗುಳ್ಳೆಗಳು ಸಣ್ಣವು, ಒಂದೇ ಗಾತ್ರದವು. ಅದರ ಕೆಳಗಿನ ತುಪ್ಪ ಶಾಂತವಾಗಿ, ಗುಳ್ಳೆಯಿಲ್ಲದೆ ಇರುತ್ತದೆ. ಚಮಚೆಯಿಂದ ತೆಗೆದುಹಾಕಿದರೆ ಮತ್ತೆ ಬರುವುದಿಲ್ಲ. ತೆಗೆದ ಕೆನೆಯನ್ನು ಮನೆಯಲ್ಲಿ ಬಳಸಬಹುದು.

ಹುಳಿಯುವಾಗಿನ ನೊರೆ ಬೇರೆ. ದೋಸೆಯ ಹಿಟ್ಟು ಹುದುಗು ಬಂದಾಗ ಇರುವಂತೆ ಇದರಲ್ಲಿ ದೊಡ್ಡ ಸಣ್ಣ ಗುಳ್ಳೆಗಳು ಬೆರೆತಿರುತ್ತವೆ. ಕೆಳಗಿನ ತುಪ್ಪದ ಒಡಲಲ್ಲಿಯೂ ಗುಳ್ಳೆಗಳು ಮೇಲೇರುತ್ತಿರುತ್ತವೆ. ಕಟ್ಟಿದ ತುಪ್ಪವಾದರೆ ಹರಳಿನ ರಾಶಿಯಲ್ಲಿ ಬಿರುಕು, ರಂಧ್ರಗಳು ಕಂಡು, ಗಟ್ಟಿ ಭಾಗ ಸ್ಪಂಜಿನಂತೆ ಉಬ್ಬಿ ಮೇಲಕ್ಕೆ ಏಳುತ್ತದೆ. ಮುಚ್ಚಳ ಉಬ್ಬಿರಬಹುದು, ಅಂಚಿನಿಂದ ತುಪ್ಪ ಒಸರಿ ಸೀಸೆಯ ಹೊರಗೆ ಇಳಿದಿರಬಹುದು. ಎಲ್ಲಕ್ಕಿಂತ ಮುಖ್ಯವಾದ ಗುರುತೆಂದರೆ ಈ ನೊರೆ ತೆಗೆದ ಮೇಲೂ ಮತ್ತೆ ಹುಟ್ಟುತ್ತದೆ.

ಇದರಿಂದ ಒಂದು ವಿಷಯ ಸ್ಪಷ್ಟವಾಗುತ್ತದೆ. ಒಂದೇ ಫೋಟೋದಿಂದ ನೊರೆಯ ಜಾತಿಯನ್ನು ಖಚಿತವಾಗಿ ಹೇಳಲಾಗದು, ಏಕೆಂದರೆ ವ್ಯತ್ಯಾಸವಿರುವುದು ನೊರೆಯ ನೋಟಕ್ಕಿಂತ ಅದರ ನಡತೆಯಲ್ಲಿ. ಫೋಟೋದಲ್ಲಿ ವಾಸನೆ ಇಲ್ಲ, ರುಚಿ ಇಲ್ಲ, ನೀರಿನ ಅಂಶ ಇಲ್ಲ. ಆದುದರಿಂದ ಒಂದರ ಬದಲು ಎರಡು ಫೋಟೋ ಬೇಕು.

ಫೋಟೋ ತೆಗೆಯುವ ಕ್ರಮ

ಸೀಸೆಯ ಹೊರಗನ್ನು ಒದ್ದೆ ಬಟ್ಟೆಯಿಂದ ಒರೆಸಿ ಒಣಗಿಸಬೇಕು. ಮುಚ್ಚಳ ಉಬ್ಬಿದ್ದರೆ ಮೊದಲು ಅದರ ಮೇಲೆ ದಪ್ಪ ಬಟ್ಟೆ ಹಾಕಿ, ಮುಖವನ್ನು ದೂರ ಹಿಡಿದು, ನಿಧಾನವಾಗಿ ಸಡಿಲಿಸಬೇಕು. ಅನಿಲ ತುಂಬಿದ ಗಾಜಿನ ಸೀಸೆ ಒಡೆಯುವ ಸಂಭವವಿದೆ. ಮುಚ್ಚಳ ತೆರೆಯುವಾಗ "ಬುಸ್" ಎಂಬ ಸದ್ದು ಬಂದರೆ ಅದನ್ನು ಬರೆದಿಟ್ಟುಕೊಳ್ಳಬೇಕು.

ಅನಂತರ ಒಣಗಿದ ಚಮಚೆಯಿಂದ ಮೇಲಿನ ನೊರೆಯನ್ನೆಲ್ಲ ತೆಗೆಯಬೇಕು. ತುಪ್ಪದ ಮಟ್ಟಕ್ಕೆ ಸರಿಯಾಗಿ ಹೊರಗೆ ಒಂದು ಕಾಗದದ ಪಟ್ಟಿ ಅಂಟಿಸಬೇಕು. ಮುಚ್ಚಳವನ್ನು ಬಿಗಿ ಮಾಡದೆ ಸುಮ್ಮನೆ ಇಡಬೇಕು. ಸೀಸೆಯನ್ನು ಕಿಟಕಿಯ ಮುಂದೆ ಇಟ್ಟು, ಬೆಳಕು ಹಿಂದಿನಿಂದ ಬರುವಂತೆ, ಸೀಸೆಯ ಮಟ್ಟಕ್ಕೇ ಮೊಬೈಲ್ ಹಿಡಿದು ಬದಿಯಿಂದ ಫೋಟೋ ತೆಗೆಯಬೇಕು. ಫ್ಲಾಷ್ ಹಾಕಿದರೆ ಗಾಜಿನ ಹೊಳಪು ಗುಳ್ಳೆಗಳನ್ನು ಮರೆಸುತ್ತದೆ. ಮೇಲಿನಿಂದ ತೆಗೆದ ಫೋಟೋದಲ್ಲಿ ನೊರೆ ಮಾತ್ರ ಕಾಣುತ್ತದೆ, ಪದರಗಳು ಕಾಣುವುದಿಲ್ಲ.

ಸೀಸೆಯನ್ನು ನೆರಳಿನಲ್ಲಿ, ಕೋಣೆಯ ಉಷ್ಣತೆಯಲ್ಲಿ ಇಟ್ಟು 24 ಗಂಟೆಯ ನಂತರ ಅದೇ ಜಾಗದಿಂದ ಎರಡನೆಯ ಫೋಟೋ ತೆಗೆಯಬೇಕು. ಸಂಶಯ ಉಳಿದರೆ 48 ಗಂಟೆಗೆ ಮೂರನೆಯದು. ನೊರೆ ಮತ್ತೆ ಬಂದಿದ್ದರೆ ಅಥವಾ ತುಪ್ಪ ಕಾಗದದ ಪಟ್ಟಿಗಿಂತ ಮೇಲೆ ಏರಿದ್ದರೆ ಅದು ಹುಳಿಯುತ್ತಿದೆ. ಫೋಟೋದ ಜೊತೆಗೆ ನಾಲ್ಕು ಮಾತು ಬರೆದು ಕಳುಹಿಸಬೇಕು: ತುಪ್ಪ ತೆಗೆದ ತಿಂಗಳು, ಆಗ ಹೂ ಬಿಟ್ಟಿದ್ದ ಗಿಡಗಳು, ಎರಿಯಲ್ಲಿ ಎಷ್ಟು ಭಾಗಕ್ಕೆ ಮೇಣದ ಮುಚ್ಚಳ ಇತ್ತು, ಯಂತ್ರದಿಂದ ತೆಗೆದದ್ದೋ ಹಿಂಡಿದ್ದೋ. ವಾಸನೆ ಹೇಗಿದೆ ಎಂಬುದನ್ನೂ ತಿಳಿಸಬೇಕು. ಹೆಂಡದ ಅಥವಾ ಹುಳಿ ಹಣ್ಣಿನ ವಾಸನೆ ಇದ್ದರೆ ಎರಡನೆಯ ಫೋಟೋಕ್ಕೆ ಕಾಯುವ ಅಗತ್ಯವೂ ಇಲ್ಲ.

ಬಿಸಿನೀರಿನ ಪರೀಕ್ಷೆ

ಮಬ್ಬಿನ ಕಾರಣ ತಿಳಿಯಲು ಮನೆಯಲ್ಲೇ ಮಾಡಬಹುದಾದ ಸುಲಭ ಪರೀಕ್ಷೆ ಇದೆ. ಮಬ್ಬಾದ ಭಾಗದಿಂದ ಎರಡು ಚಮಚೆ ತುಪ್ಪವನ್ನು ಸಣ್ಣ ಗಾಜಿನ ಸೀಸೆಗೆ ಹಾಕಬೇಕು. ಪಾತ್ರೆಯಲ್ಲಿ ಸುಮಾರು 45 ಡಿಗ್ರಿ ಸೆಂಟಿಗ್ರೇಡ್ ಬಿಸಿಯ ನೀರು, ಅಂದರೆ ಕೈ ಅದ್ದಿದರೆ ಚೆನ್ನಾಗಿ ಬಿಸಿ ಎನಿಸಿದರೂ ಸುಡದ ನೀರು, ತೆಗೆದುಕೊಂಡು ಸಣ್ಣ ಸೀಸೆಯನ್ನು ಅದರಲ್ಲಿ ಅರ್ಧ ಗಂಟೆ ನಿಲ್ಲಿಸಬೇಕು. ನೀರು ಆರಿದರೆ ಬಿಸಿನೀರು ಸೇರಿಸಬೇಕು.

ತುಪ್ಪ ಪೂರ್ತಿ ತಿಳಿಯಾಗಿ ಹಾಗೆಯೇ ಶಾಂತವಾಗಿದ್ದರೆ ಮಬ್ಬು ಹರಳಿನದು. ಗುಳ್ಳೆಗಳು ಒಮ್ಮೆ ಮೇಲೆದ್ದು ನಿಂತುಹೋದರೆ ಅದು ಗಾಳಿ. ಏನೂ ಬದಲಾಗದೆ ಮಬ್ಬು ಉಳಿದರೆ ಪರಾಗ ಅಥವಾ ಮೇಣ. ಹರಳು ಕರಗಿದ ಮೇಲೂ ಗುಳ್ಳೆಗಳು ಏಳುತ್ತಲೇ ಇದ್ದು, ಮೂಗಿನ ಹತ್ತಿರ ಹಿಡಿದಾಗ ಹೆಂಡದ ವಾಸನೆ ಬಂದರೆ ಹುಳಿತಿದೆ ಎಂದು ತಿಳಿಯಬೇಕು. ಬಿಸಿಯಾದಾಗ ವಾಸನೆ ಸ್ಪಷ್ಟವಾಗಿ ಹೊರಬರುವುದು ಈ ಪರೀಕ್ಷೆಯ ಅನುಕೂಲ.

ಒಂದು ಉದಾಹರಣೆ

ಮಲೆನಾಡಿನ ಒಂದು ಕಾಫಿ ತೋಟದಲ್ಲಿ ನಾಲ್ಕು ತುಡುವೆ ಪೆಟ್ಟಿಗೆಗಳಿವೆ ಎಂದು ಇಟ್ಟುಕೊಳ್ಳಿ. ಮೇ ಮೊದಲ ವಾರದಲ್ಲಿ ರೈತರು ತುಪ್ಪ ತೆಗೆದರು. ಮೊದಲ ದಿನ ಮೇಣದ ಮುಚ್ಚಳ ಬಿದ್ದ ಎರಿಗಳನ್ನು ಆರಿಸಿ ಯಂತ್ರದಲ್ಲಿ ತಿರುಗಿಸಿದರು. ಮರುದಿನ ಮಳೆ ಮೋಡ ಕಂಡದ್ದರಿಂದ ಅರ್ಧಕ್ಕೂ ಮುಚ್ಚಳವಿಲ್ಲದ ಎರಿಗಳನ್ನೂ ತೆಗೆದುಬಿಟ್ಟರು. ಎರಡನ್ನೂ ಬೇರೆ ಬೇರೆ ಪಾತ್ರೆಯಿಂದ ಒಂದೊಂದು ಕಿಲೋ ಸೀಸೆಗೆ ತುಂಬಿದರು, ಆದರೆ ಚೀಟಿ ಅಂಟಿಸಲಿಲ್ಲ. ಆಗಸ್ಟಿನಲ್ಲಿ ಪೇಟೆಯ ಅಂಗಡಿಯವರು ಎರಡು ಸೀಸೆ ಹಿಂದಿರುಗಿಸಿದರು. ಎರಡೂ ಕಟ್ಟಿವೆ, ಎರಡರಲ್ಲಿಯೂ ಸಕ್ಕರೆ ಇದೆ ಎಂಬುದು ಅವರ ದೂರು.

ಫೋಟೋದಲ್ಲಿ ಮೊದಲ ಸೀಸೆ ತಳದಿಂದ ಕತ್ತಿನವರೆಗೆ ಒಂದೇ ಸಮನೆ ಕೆನೆಬಣ್ಣಕ್ಕೆ ತಿರುಗಿದೆ. ಹರಳು ನಯವಾಗಿದೆ. ಭುಜದ ಹತ್ತಿರ ಬಿಳಿ ಗರಿಗಳಿವೆ. ನೊರೆ ಇಲ್ಲ. ಎರಡನೆಯದರಲ್ಲಿ ತಳದ ಮೂರನೆಯ ಒಂದು ಭಾಗ ಒರಟಾದ ಹರಳು, ಅದರ ಮೇಲೆ ಕೆಂಪು ಬಣ್ಣದ ತೆಳು ದ್ರವ, ಅದರ ಮೇಲೆ ಬೆರಳು ದಪ್ಪ ನೊರೆ. ಹರಳಿಗೂ ದ್ರವಕ್ಕೂ ನಡುವಿನ ಗಡಿಯಿಂದ ಗುಳ್ಳೆಗಳ ಸಾಲು ಮೇಲೆದ್ದಿದೆ.

ನೊರೆ ತೆಗೆದು ಪಟ್ಟಿ ಅಂಟಿಸಿ ಮರುದಿನ ನೋಡಿದಾಗ ಮೊದಲ ಸೀಸೆ ಹಾಗೆಯೇ ಇತ್ತು. ಎರಡನೆಯದರಲ್ಲಿ ನೊರೆ ಮತ್ತೆ ಬಂದಿತ್ತು. ಎರಡರಿಂದಲೂ ಸ್ವಲ್ಪ ಸ್ವಲ್ಪ ತುಪ್ಪವನ್ನು ಪೂರ್ತಿ ಕರಗಿಸಿ, ಆರಿಸಿ, ನೀರಿನ ಅಂಶ ಅಳೆಯುವ ರಿಫ್ರಾಕ್ಟೋಮೀಟರ್ ಎಂಬ ಕೈಯಳತೆಯ ಉಪಕರಣದಲ್ಲಿ ನೋಡಿದರೆ ಮೊದಲನೆಯದು ಶೇ. 18.5, ಎರಡನೆಯದು ಶೇ. 22 ತೋರಿತು. ಮೇಲೆ ಹಾಕಿದ ಲೆಕ್ಕದಂತೆ ಎರಡನೆಯ ಸೀಸೆಯ ದ್ರವಭಾಗ ಶೇ. 24 ದಾಟಿತ್ತು. ಹಣೆಬರಹವನ್ನು ನಿರ್ಧರಿಸಿದ್ದು ಆಗಸ್ಟಿನ ಚಳಿಯಲ್ಲ, ಮೇ ತಿಂಗಳ ಎರಡನೆಯ ದಿನ ತೆಗೆದ ಪಕ್ವವಾಗದ ಎರಿ. ಚಳಿ ಎರಡೂ ಸೀಸೆಗೆ ಒಂದೇ ಆಗಿತ್ತು.

ರಿಫ್ರಾಕ್ಟೋಮೀಟರ್ ಬಳಸುವಾಗ ಒಂದು ಎಚ್ಚರಿಕೆ ಅಗತ್ಯ. ಹರಳು ಇರುವ ತುಪ್ಪದ ಹನಿ ಹಾಕಿದರೆ ಅಳತೆ ಸರಿಬರುವುದಿಲ್ಲ. ಮೇಲಿನ ದ್ರವವನ್ನು ಮಾತ್ರ ಹಾಕಿದರೆ ಅದರ ಅಂಶ ತಿಳಿಯುತ್ತದೆಯೇ ಹೊರತು ಇಡೀ ಸೀಸೆಯದಲ್ಲ.

ಸೀಸೆಗೆ ತಕ್ಕ ಉಪಚಾರ

ಮೊದಲ ಸೀಸೆಯನ್ನು ಹಾಗೆಯೇ ತಿನ್ನಬಹುದು, ಗಿರಾಕಿಗೆ ತಿಳಿಸಿ ಮಾರಬಹುದು. ತಿಳಿಯಾಗಿಯೇ ಬೇಕೆಂದರೆ ದೊಡ್ಡ ಪಾತ್ರೆಯ ತಳಕ್ಕೆ ಬಟ್ಟೆ ಹಾಸಿ, ಅದರ ಮೇಲೆ ಸೀಸೆ ನಿಲ್ಲಿಸಿ, ತುಪ್ಪದ ಮಟ್ಟದವರೆಗೆ ತಣ್ಣೀರು ತುಂಬಿ, ಸಣ್ಣ ಉರಿಯಲ್ಲಿ ನೀರನ್ನು 45 ಡಿಗ್ರಿಗೆ ತಂದು ಅಲ್ಲಿಯೇ ಉಳಿಸಿಕೊಳ್ಳಬೇಕು. ತಣ್ಣಗಿರುವ ಗಾಜನ್ನು ನೇರವಾಗಿ ಬಿಸಿನೀರಿಗೆ ಇಟ್ಟರೆ ಸೀಳುತ್ತದೆ. ಒಂದು ಕಿಲೋ ಸೀಸೆ ಕರಗಲು ಮೂರು ನಾಲ್ಕು ಗಂಟೆ ಹಿಡಿಯಬಹುದು. ನಡುನಡುವೆ ಒಣಗಿದ ಚಮಚೆಯಿಂದ ಕಲಕಬೇಕು. ಒಂದು ಹರಳೂ ಉಳಿಯದಂತೆ ಕರಗಿಸದಿದ್ದರೆ ಉಳಿದದ್ದೇ ಬೀಜವಾಗಿ ಮತ್ತೆ ಬೇಗ ಕಟ್ಟುತ್ತದೆ. ನೇರ ಉರಿಯಲ್ಲಿ ಕಾಯಿಸಿದರೆ ಬಣ್ಣ ಕಪ್ಪಾಗಿ, ಪರಿಮಳ ಹೋಗಿ, ಸಕ್ಕರೆ ಒಡೆದು ಎಚ್.ಎಂ.ಎಫ್. ಎಂಬ ವಸ್ತು ಹೆಚ್ಚುತ್ತದೆ. ಇದು ಕಿಲೋಗೆ 80 ಮಿಲಿಗ್ರಾಂ ಮೀರಿದ ತುಪ್ಪ ನಿಯಮದ ಪರೀಕ್ಷೆಯಲ್ಲಿ ನಿಲ್ಲುವುದಿಲ್ಲ.

ಎರಡನೆಯ ಸೀಸೆಯನ್ನು ಜೇನುತುಪ್ಪವೆಂದು ಮಾರಬಾರದು. ಬಿಸಿ ಮಾಡಿದರೆ ಹುಳಿಯುವುದು ನಿಲ್ಲುತ್ತದೆ, ಆದರೆ ಹುಟ್ಟಿದ ಹುಳಿ ಮತ್ತು ಹೋದ ರುಚಿ ಹಿಂದಿರುಗುವುದಿಲ್ಲ. ಅದನ್ನು ಒಳ್ಳೆಯ ತುಪ್ಪಕ್ಕೆ ಬೆರೆಸಿದರೆ ಎಲ್ಲಕ್ಕೂ ಯೀಸ್ಟ್ ಹರಡುತ್ತದೆ. ಜೇನುನೊಣಗಳಿಗೆ ಆಹಾರವಾಗಿ ಇಡುವುದೂ ತಪ್ಪು, ಅವುಗಳಿಗೆ ಭೇದಿ ಉಂಟಾಗುತ್ತದೆ. ಫ್ರಿಜ್ಜಿನಲ್ಲಿಟ್ಟರೆ ಕ್ರಿಯೆ ನಿಧಾನವಾಗುತ್ತದೆಯಷ್ಟೆ, ಹೊರಗೆ ತೆಗೆದೊಡನೆ ಮುಂದುವರಿಯುತ್ತದೆ.

ಇವೆರಡರ ನಡುವಿನದು ಇನ್ನೊಂದು ಬಗೆ. ತಳದಲ್ಲಿ ಹರಳು, ಮೇಲೆ ತೆಳು ದ್ರವ ಇದೆ, ಆದರೆ ನೊರೆಯಾಗಲಿ ವಾಸನೆಯಾಗಲಿ ಇನ್ನೂ ಇಲ್ಲ. ಬೇಗ ಕೈಹಚ್ಚಿದರೆ ಉಳಿಸಬಹುದಾದ ಸೀಸೆ ಇದೇ. ನೀರಿನ ಪಾತ್ರೆಯಲ್ಲಿಟ್ಟು ತುಪ್ಪವೇ 60 ಡಿಗ್ರಿ ಸೆಂಟಿಗ್ರೇಡ್ ಬಿಸಿಗೆ ಬಂದ ಮೇಲೆ ಅಲ್ಲಿ 30 ನಿಮಿಷ ಹಿಡಿದಿಡಬೇಕು. ಥರ್ಮಾಮೀಟರನ್ನು ನೀರಿನಲ್ಲಲ್ಲ, ತುಪ್ಪದಲ್ಲಿಯೇ ಅದ್ದಿ ನೋಡಬೇಕು. ಇದರಿಂದ ಹರಳು ಕರಗಿ ನೀರು ಮತ್ತೆ ಒಂದೇ ಸಮನಾಗುತ್ತದೆ, ಯೀಸ್ಟ್ ಸಾಯುತ್ತದೆ. ಬಿಸಿಯಿರುವಾಗಲೇ ತೆಳು ಬಟ್ಟೆಯಲ್ಲಿ ಸೋಸಿ, ತೊಳೆದು ಒಣಗಿಸಿದ ಬೆಚ್ಚಗಿನ ಸೀಸೆಗೆ ತುಂಬಿ, ಬಿಗಿಯಾಗಿ ಮುಚ್ಚಿ, ಬೇಗ ಆರಿಸಬೇಕು. ನೀರಿನ ಅಂಶ ಮಾತ್ರ ಇದರಿಂದ ಹೆಚ್ಚೇನೂ ಇಳಿಯುವುದಿಲ್ಲ. ಶೇ. 20 ಮೀರಿದ್ದರೆ ಅದು ಮನೆ ಬಳಕೆಗೇ ಸರಿ. ಸೀಸೆ ತೆರೆದ ಮೇಲೆ ಬೇಗ ಮುಗಿಸಬೇಕು.

ಮೊಜಂಟಿ ಜೇನಿನ ತುಪ್ಪಕ್ಕೆ ಈ ಲೇಖನದ ಅಳತೆಗಳು ಹೊಂದುವುದಿಲ್ಲ. ಅದು ಸ್ವಭಾವತಃ ತೆಳು ಮತ್ತು ಸ್ವಲ್ಪ ಹುಳಿ.

ಮುಂದಿನ ಕೊಯ್ಲಿಗೆ

ಎರಿಯಲ್ಲಿ ಕಡಮೆಯೆಂದರೆ ನಾಲ್ಕರಲ್ಲಿ ಮೂರು ಪಾಲು ಕಣಗಳಿಗೆ ಮೇಣದ ಮುಚ್ಚಳ ಬಿದ್ದ ಮೇಲೆಯೇ ತುಪ್ಪ ತೆಗೆಯಬೇಕು. ಸಂಶಯವಿದ್ದರೆ ಚೌಕಟ್ಟನ್ನು ಅಡ್ಡಲಾಗಿ ಹಿಡಿದು ಒಮ್ಮೆ ಜಾಡಿಸಬೇಕು. ಹನಿ ಚಿಮ್ಮಿದರೆ ಅದು ಇನ್ನೂ ಪಕ್ವವಾಗಿಲ್ಲ, ಪೆಟ್ಟಿಗೆಗೆ ಹಿಂದಿರುಗಿಸಬೇಕು. ಮಳೆಗೆ ಹೆದರಿ ತೆಗೆಯಲೇಬೇಕಾಗಿ ಬಂದರೆ ಅಂಥ ತುಪ್ಪವನ್ನು ಪಕ್ವ ತುಪ್ಪದೊಡನೆ ಸೇರಿಸದೆ ಬೇರೆ ಇಟ್ಟು, ಮೇಲೆ ಹೇಳಿದಂತೆ ಅದೇ ವಾರ 60 ಡಿಗ್ರಿಯಲ್ಲಿ ಬಿಸಿ ಮಾಡಿ, ಮೊದಲು ಬಳಸಿ ಮುಗಿಸಬೇಕು.

ತೆರೆದ ಪಾತ್ರೆಯಲ್ಲಿ ತುಪ್ಪವನ್ನು ಇಡಬಾರದು. ಗಾಳಿಯ ತೇವ ಶೇ. 60 ಮೀರಿದರೆ ತುಪ್ಪ ಗಾಳಿಯಿಂದಲೇ ನೀರನ್ನು ಹೀರತೊಡಗುತ್ತದೆ. ಮಲೆನಾಡು ಮತ್ತು ಕರಾವಳಿಯ ಮಳೆಗಾಲದಲ್ಲಿ ಅದು ಇದಕ್ಕಿಂತ ಬಹಳ ಹೆಚ್ಚು. ಸಡಿಲ ಮುಚ್ಚಳದ ಸೀಸೆಯಲ್ಲಿ ಮೇಲಿನ ಪದರ ಮೊದಲು ಹುಳಿಯುವುದು ಇದೇ ಕಾರಣಕ್ಕೆ. ಪ್ರತಿ ಸೀಸೆಗೂ ತೆಗೆದ ದಿನಾಂಕ, ಯಾವ ಪಾತ್ರೆಯದು, ಎರಿಯ ಮುಚ್ಚಳದ ಪ್ರಮಾಣ ಇಷ್ಟನ್ನು ಬರೆದ ಚೀಟಿ ಅಂಟಿಸಬೇಕು. ಮಳೆಗಾಲದಲ್ಲಿ ಹದಿನೈದು ದಿನಕ್ಕೊಮ್ಮೆ ಸೀಸೆಗಳನ್ನು ಬೆಳಕಿಗೆ ಹಿಡಿದು ನೋಡಿ, ಹರಳಿನ ಮೇಲೆ ತೆಳು ದ್ರವ ಕಂಡ ಸೀಸೆಯನ್ನು ನೊರೆ ಬರುವ ಮೊದಲೇ ಬೇರೆ ತೆಗೆದಿಡಬೇಕು.